ಕಾಯರ್ದಶಿರ್

ಪ್ರಶ್ನೆ: ನಮ್ಮಪ್ಪ ರಿಟೈರ್ಡ್ ಟೈಪಿಸ್ಟ್, ಟೈಪ್‌ರೈಟರ್ ಮೇಲೆ ಕನ್ನಡ ಸರಾಗವಾಗಿ ಹೊಡೀತಿದ್ರು. ಕಂಪ್ಯೂಟರಲ್ಲಿ ಮಾತ್ರ ಒತ್ತಕ್ಷರ ಎಲ್ಲಾ ತಪ್ಪು. ಹೀಗೆ ಕಲಿತವ್ರು ಯಾರಾದ್ರೂ ಇದೀರಾ?

ಇದೀನಿ. 31 ವರ್ಷ ಬೆರಳಚ್ಚುಗಾರನಾಗಿದ್ದೆ, ಇಂಗ್ಲಿಷು ಕನ್ನಡ ಎರಡರಲ್ಲೂ ಸೀನಿಯರ್ ಪಾಸು. ಹೋದ ವರ್ಷ ನಮ್ಮ ಬಡಾವಣೆಯವರು ಬೀದಿದೀಪಕ್ಕೆ ಒಂದು ಅರ್ಜಿ ಟೈಪ್ ಮಾಡ್ಕೊಡಿ ಸಾರ್ ಅಂದ್ರು, ಅದೇನು ಮಹಾ ಅಂತ ಮೊಮ್ಮಗಳ ಲ್ಯಾಪ್‌ಟಾಪ್ ಮುಂದೆ ಕೂತೆ. ಅವಳು ನುಡಿ ಕೀಬೋರ್ಡ್ ಹಾಕ್ಕೊಟ್ಟು, "ತಾತ, `k` ಒತ್ತಿದ್ರೆ ಕ, `g` ಒತ್ತಿದ್ರೆ ಗ, ಶಿಫ್ಟ್ ಹಿಡಿದು `K` ಒತ್ತಿದ್ರೆ ಖ, ಅಷ್ಟೇ" ಅಂದ್ಲು. ಟ ಹೋಗಿ `q` ಮೇಲೆ, ಡ ಹೋಗಿ `w` ಮೇಲೆ, ಷ `x` ಮೇಲೆ ಕೂತಿದೆ, ಇವಕ್ಕೆ ಯಾವ ನ್ಯಾಯವೂ ಇಲ್ಲ, ಬಾಯಿಪಾಠ ಮಾಡ್ಬೇಕು. ಇಂಗ್ಲಿಷ್ ಟೈಪಿಂಗ್ ಬರ್ತಿದ್ರಿಂದ ಬೆರಳಿಗೆ ಜಾಗ ಗೊತ್ತಿತ್ತು, ಒಂದು ವಾರಕ್ಕೆ ಅಷ್ಟೂ ಕೂತ್ಕೊಂಡ್ವು.

ಸಿಕ್ಕಿಹಾಕ್ಕೊಂಡಿದ್ದು ಅರ್ಕಾವೊತ್ತಲ್ಲಿ. ಅದು ಎಲ್ಲಿದೆಯಮ್ಮ ಅಂದೆ, `r` ಒತ್ತಿ `f` ಒತ್ತಿ ಅಂದ್ಲು. ಸರಿ ಅಂತ "ಕಾರ್ಯದರ್ಶಿ" ಅಂತ ಹೊಡೆದ್ರೆ ಸ್ಕ್ರೀನ್ ಮೇಲೆ ಬಂದಿದ್ದು "ಕಾಯರ್ದಶಿರ್"! ಅವಳು ಬಿದ್ದೂ ಬಿದ್ದೂ ನಕ್ಕಳು. ನಾನು ಮೂರು ಸಲ ಅಳಿಸಿ ಹೊಡೆದೆ, ಮೂರು ಸಲವೂ ಅದೇ, ಮೆಷಿನ್ನೇ ಕೆಟ್ಟಿದೆ ಅಂದೆ.

ಮೆಷಿನ್ ಕೆಟ್ಟಿರ್ಲಿಲ್ಲ. ಟೈಪ್‌ರೈಟರಿಗೆ ಗೊತ್ತಿರೋದು ಆಕಾರ ಮಾತ್ರ, ಕಾಗದದ ಮೇಲೆ ಎಡದಿಂದ ಬಲಕ್ಕೆ ಏನು ಕಾಣುತ್ತೋ ಅದೇ ಕ್ರಮದಲ್ಲಿ ಹೊಡೀಬೇಕು. ಅರ್ಕಾವೊತ್ತು ಕಾಣೋದು ಯ ಆದ್ಮೇಲೆ, ಹಾಗಾಗಿ ಯ ಹೊಡೆದು ಅದರ ಪಕ್ಕ ಅರ್ಕಾವೊತ್ತು. ಕಂಪ್ಯೂಟರಿಗೆ ಉಚ್ಚಾರದ ಕ್ರಮ ಬೇಕು. ಬಾಯಲ್ಲಿ ರ್ ಮೊದಲು ಬರುತ್ತೆ, ಆಮೇಲೆ ಯ, ಅದನ್ನ ಹಾಗೇ ಕೊಟ್ರೆ ಅರ್ಕಾವೊತ್ತನ್ನ ಬಲಗಡೆ ತಂದು ಕೂರಿಸೋ ಕೆಲಸ ಅದೇ ಮಾಡ್ಕೊಳುತ್ತೆ. `f` ಅನ್ನೋದು ಅರ್ಕಾವೊತ್ತಿನ ಕೀಲಿ ಅಲ್ಲವೇ ಅಲ್ಲ, ಅದು ಹಿಂದಿನ ಅಕ್ಷರದಿಂದ ಅಕಾರ ಕಿತ್ತು ಮುಂದಿನದಕ್ಕೆ ಅಂಟಿಸೋ ಕೀಲಿ. ಕ್ರಮ ಹೀಗಿರ್ಬೇಕು:

```
k A r f y d r f S i
```

ನಾನು ಹೊಡೆದಿದ್ದು `k A y r f d S i r f`. ಆ ಮೊದಲನೇ `r f` ಹೋಗಿ ಮುಂದಿನ ದ ಮೇಲೆ ಹತ್ಕೊಂಡಿದೆ, ಕೊನೇದಕ್ಕೆ ಹತ್ಕೊಳೋಕೆ ಯಾರೂ ಸಿಗದೆ ರ್ ಅಂತ ಬರೀ ನಿಂತಿದೆ.

ಇಷ್ಟು ಗೊತ್ತಾಗೋ ಮೊದ್ಲು ಇನ್ನೊಂದು ಬುದ್ಧಿವಂತಿಕೆ ಮಾಡಿದ್ದೆ, ನಿಮ್ಮಪ್ಪನೂ ಮಾಡ್ತಿದಾರಾ ನೋಡಿ. ಕನ್ನಡದ ಒಂಬತ್ತು ಅಂಕಿ ೯ ಇದೆಯಲ್ಲ, ನೋಡೋಕೆ ಥೇಟ್ ಅರ್ಕಾವೊತ್ತು. ಸಿಂಬಲ್ ಪಟ್ಟಿಯಿಂದ ಹುಡುಕಿ ಅದನ್ನೇ ಕಾಪಿ ಮಾಡಿ "ಅಜಿ೯" ಅಂತ ಇಡೀ ಪುಟ ಮುಗಿಸಿದೆ. ಪ್ರಿಂಟಲ್ಲಿ ಯಾರಿಗೂ ಗೊತ್ತಾಗಲ್ಲ. ಮೊಮ್ಮಗಳು `Ctrl+F` ಒತ್ತಿ ಅರ್ಜಿ ಅಂತ ಹುಡುಕಿದ್ರೆ ಒಂದೂ ಸಿಗ್ಲಿಲ್ಲ, ಫೋನಲ್ಲಿ ಓದಿಸಿದ್ರೆ "ಅಜಿ ಒಂಬತ್ತು" ಅಂತು! ಒಂದೊಂದೇ ಪದ ಹಿಡಿದು ಮತ್ತೆ ಹೊಡೀಬೇಕಾಯ್ತು.

ವಿಷಯ ತಿಳಿದ್ಮೇಲೂ ಕೈ ಕೇಳಲ್ಲ, ಅದು ಬೇರೆ ಮಾತು. ನಮ್ಮದು ಕಾಪಿ ಟೈಪಿಂಗ್, ಎಡಗಡೆ ಕರಡು ಇಟ್ಕೊಂಡು ಕಣ್ಣಿಂದ ನೇರ ಬೆರಳಿಗೆ, ಮಧ್ಯೆ ಬಾಯಿಗೆ ಕೆಲಸವೇ ಇರ್ಲಿಲ್ಲ, ಎಷ್ಟೋ ಪತ್ರ ಅದರಲ್ಲಿ ಏನಿದೆ ಅಂತ ಗೊತ್ತಿಲ್ಲದೇ ಹೊಡೆದಿದೀನಿ. ಕಣ್ಣು ನೋಡಿದ್ರೆ ಅರ್ಕಾವೊತ್ತು ಆಮೇಲೇ ಕಾಣೋದು, ಬೆರಳೂ ಹಾಗೇ ಹೋಗೋದು. ಕೊನೆಗೆ ಕಾಗದ ಪಕ್ಕಕ್ಕಿಟ್ಟೆ. ಬೆಳಿಗ್ಗೆ ಕಾಫಿ ಆದ್ಮೇಲೆ ನಮ್ಮನೆಯವಳು ಪೇಪರ್ ಜೋರಾಗಿ ಓದೋದು, ನಾನು ಕೇಳ್ಕೊಂಡು ಹೊಡೆಯೋದು. ಕಿವಿಯಿಂದ ಬಂದಿದ್ದು ಸರಿಯಾದ ಕ್ರಮದಲ್ಲೇ ಬಂತು! ಸುಮಾರು 20 ದಿನಕ್ಕೆ ಕೈ ತಿರುಗ್ತು. ನಿಮ್ಮಪ್ಪಂಗೂ ಬರೆದಿದ್ದು ಕೊಡ್ಬೇಡಿ, ನೀವು ಓದಿ ಹೇಳಿ. ವರ್ಷ, ಸರ್ಕಾರ, ಮಾರ್ಗದರ್ಶನ, ಕರ್ನಾಟಕ, ಇಂಥವೇ ಒಂದೊಂದು ಐದು ಸಾಲು ಮಾಡ್ಸಿ, ಇನ್‌ಸ್ಟಿಟ್ಯೂಟಲ್ಲಿ ಮಾಡಿಸ್ತಿದ್ರಲ್ಲ ಹಾಗೆ.

ಆಮೇಲೆ ಕೀಲಿ ಗುದ್ದೋದು ಬಿಡೋಕೆ ಹೇಳಿ, ಒತ್ತಿ ಹಿಡಿದ್ರೆ ಕಕಕಕಕ ಅಂತ ಸಾಲು ಹೋಗ್ಬಿಡುತ್ತೆ. ಪ್ರತಿ ಸಾಲಿನ ಕೊನೆಗೂ ಎಂಟರ್ ಹೊಡೆಯೋ ಚಟ ಮಾತ್ರ ನಂಗಿನ್ನೂ ಹೋಗಿಲ್ಲ, ಗಂಟೆ ಕೇಳ್ದಂಗೇ ಆಗುತ್ತೆ.