ಔಷಧದ ಡಬ್ಬಿಯೊಳಗಿನ ಮಡಿಸಿದ ಕಾಗದ

ಪ್ರಶ್ನೆ: ಅತ್ತೆಯವರ ರುಮಟಾಯ್ಡ್ ಸಂಧಿವಾತಕ್ಕೆ ಡಾಕ್ಟರು ಮೆಥೊಟ್ರೆಕ್ಸೇಟ್ 10 ಮಿ.ಗ್ರಾಂ. ಬರೆದಿದ್ದಾರೆ. ಒಳಗಿನ ಕಾಗದದಲ್ಲಿ ಕ್ಯಾನ್ಸರ್ ಎಂದಿದೆ. ಅತ್ತೆ ಮಾತ್ರೆ ಮುಟ್ಟುತ್ತಿಲ್ಲ. ಕಾಗದದ ಸಾರವನ್ನು ಸರಳವಾಗಿ ಹೇಳುವಿರಾ? (ಡೊಂಬಿವಲಿ)

ಉತ್ತರ: ಪ್ರತಿ ತಿಂಗಳೂ ಇದೇ ಭಯ ಅಂಚೆಯಲ್ಲಿ ಬರುತ್ತದೆ. ಈ ಔಷಧವನ್ನು ಕ್ಯಾನ್ಸರಿಗೆ ಬಹು ದೊಡ್ಡ ಪ್ರಮಾಣದಲ್ಲಿ ಕೊಡುವುದು ನಿಜ. ಕೀಲುಗಳಿಗೆ ಅದೇ ಔಷಧ ಅತಿ ಕಡಿಮೆ ಪ್ರಮಾಣದಲ್ಲಿ, ದೇಹದ ರೋಗನಿರೋಧಕ ವ್ಯವಸ್ಥೆ ಕೀಲುಗಳ ಮೇಲೆ ನಡೆಸುವ ದಾಳಿಯನ್ನು ತಗ್ಗಿಸುತ್ತದೆ. ಗುಣ ಕಾಣಲು ಕೆಲವು ವಾರ ಬೇಕು.

ನೀವು ಹೆದರಬೇಕಾದ ಸಾಲು ಬೇರೆಯೇ ಇದೆ: ವಾರಕ್ಕೆ ಒಮ್ಮೆ ಮಾತ್ರ. ನಿಮ್ಮ ಮಾತ್ರೆ 2.5 ಮಿ.ಗ್ರಾಂ.ನದ್ದಾದರೆ, ನಿಗದಿಯಾದ ಒಂದೇ ದಿನ ನಾಲ್ಕು. ಉಳಿದ ಆರು ದಿನ ಒಂದೂ ಇಲ್ಲ. ಅಭ್ಯಾಸಬಲದಿಂದ ಇದನ್ನು ದಿನಾ ನುಂಗಿ ಪ್ರಾಣ ಕಳೆದುಕೊಂಡವರಿದ್ದಾರೆ. ಸ್ಟ್ರಿಪ್ ಮೇಲೆ ದಿನದ ಹೆಸರನ್ನು ಪೂರ್ತಿಯಾಗಿ ಬರೆಸಿ. ಮೊಟಕು ಇಂಗ್ಲಿಷ್ ಅಕ್ಷರಗಳ ‘ಸೋಮವಾರ’ವನ್ನು ‘ಬೆಳಿಗ್ಗೆ’ ಎಂದು ಓದಿದವರೂ ಇದ್ದಾರೆ. ಮರೆತರೆ ಎರಡು ದಿನದೊಳಗೆ ತೆಗೆದುಕೊಳ್ಳಬಹುದು, ತಡವಾದರೆ ಆ ವಾರ ಬಿಡಿ. ಮುಂದಿನ ವಾರ ದುಪ್ಪಟ್ಟು ಬೇಡ. ಫೋಲಿಕ್ ಆಮ್ಲದ ಮಾತ್ರೆಯನ್ನೂ ಬರೆದಿದ್ದರೆ ಅದನ್ನು ಡಾಕ್ಟರು ಹೇಳಿದ ಬೇರೆ ದಿನ ಕೊಡಿ.

ಮಾತ್ರೆ ತೆಗೆದುಕೊಂಡ ದಿನ ವಾಕರಿಕೆ, ಸುಸ್ತು, ಕೆಲವೊಮ್ಮೆ ಕೂದಲು ಉದುರುವುದು ಸಾಮಾನ್ಯ. ಆದರೆ ಬಾಯಲ್ಲಿ ಹುಣ್ಣು, ಜ್ವರ, ಗಂಟಲು ನೋವು, ಕಾರಣವಿಲ್ಲದ ನೀಲಿ ಕಲೆ ಅಥವಾ ರಕ್ತಸ್ರಾವ, ಒಣಕೆಮ್ಮಿನೊಂದಿಗೆ ಉಸಿರುಕಟ್ಟುವುದು, ಕಣ್ಣು ಹಳದಿಯಾಗುವುದು ಕಂಡರೆ ಮುಂದಿನ ವಾರದ ಮಾತ್ರೆ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಹೋಗಿ. ರಕ್ತಕಣ, ಯಕೃತ್ತು, ಮೂತ್ರಪಿಂಡಗಳ ಪರೀಕ್ಷೆಯನ್ನು ಹೇಳಿದ ಕಾಲಕ್ಕೆ ಮಾಡಿಸುವುದು ಇದನ್ನೆಲ್ಲ ಮೊದಲೇ ಹಿಡಿಯಲಿಕ್ಕೆ. ‘ಚೆನ್ನಾಗಿದ್ದೇನೆ’ ಎಂದು ತಪ್ಪಿಸುವುದು ನನಗೆ ಸಿಟ್ಟು ತರಿಸುವ ಮಾತು. ವಾಂತಿ ಭೇದಿಯಾಗಿ ದೇಹ ಒಣಗಿದ್ದರೆ ಮಾತ್ರೆಗೆ ಮುನ್ನ ಡಾಕ್ಟರಿಗೆ ಫೋನ್ ಮಾಡಿ. ಮೂತ್ರದ ಸೋಂಕಿಗೆಂದು ಯಾರಾದರೂ ಕೋಟ್ರೈಮೊಕ್ಸಜೋಲ್ ಕೊಟ್ಟರೆ ಬೇಡವೆನ್ನಿ: ಎರಡೂ ಸೇರಿ ರಕ್ತಕಣಗಳನ್ನು ಅಪಾಯಕಾರಿಯಾಗಿ ಕುಗ್ಗಿಸಬಲ್ಲವು.

ಪ್ರಶ್ನೆ: ಕಾಗದದಲ್ಲಿರುವ ಅಡ್ಡಪರಿಣಾಮಗಳೆಲ್ಲ ನನಗೂ ಬರುತ್ತವೆಯೇ? (ಪುಣೆ)

ಉತ್ತರ: ಇಲ್ಲ, ‘ಅಪರೂಪ’ ಎಂದಿದ್ದರೆ ಸಾವಿರ ಜನರಲ್ಲಿ ಒಬ್ಬರಿಗಿಂತ ಕಡಿಮೆ ಎಂದರ್ಥ.

ಪ್ರಶ್ನೆ: ಕೀಲುನೋವಿಗೆ ಅಡ್ಡಪರಿಣಾಮವೇ ಇಲ್ಲದ ಪುಡಿಯನ್ನು ಪರಿಚಯದವರೊಬ್ಬರು ಕೊಡುತ್ತಾರೆ, ತೆಗೆದುಕೊಳ್ಳಲೇ? (ಮಡಗಾಂವ್)

ಉತ್ತರ: ಹೆಸರು, ಅಂಶ ಯಾವುದೂ ಬರೆಯದ ಇಂಥ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿದ್ದು ಎಷ್ಟೋ ಸಲ ಪತ್ತೆಯಾಗಿದೆ. ಎರಡೇ ದಿನದಲ್ಲಿ ನೋವು ಮಾಯವಾದರೆ ಅನುಮಾನ ಪಡಿ, ಆದರೆ ವಾರಗಟ್ಟಲೆ ತಿಂದಿದ್ದರೆ ಥಟ್ಟನೆ ನಿಲ್ಲಿಸದೆ ಪುಡಿಯನ್ನೇ ಡಾಕ್ಟರ ಬಳಿ ಒಯ್ಯಿರಿ.