ಗ್ಲೌಸು, ಹತ್ತಿ ಅಂತ ಮೂವತ್ತೆಂಟು ಸಾವಿರ ಕಟ್ ಆಗುತ್ತಾ?

ಪ್ರಶ್ನೆ: "ಅಪ್ಪನ ಆಪರೇಷನ್ ಬಿಲ್ 1,42,000. ಕ್ಯಾಶ್‌ಲೆಸ್ ಅಪ್ರೂವಲ್ ಬಂದದ್ದು 1,04,000. ಗ್ಲೌಸು, ಹತ್ತಿ ಎಲ್ಲ ಸಿಗಲ್ಲ ಅಂತಾರೆ. ಅಂಥ ಐಟಂಗಳನ್ನು ಬಿಲ್ಲಲ್ಲಿ ಹುಡುಕೋದು ಹೇಗೆ?"

ಹುಡುಕಬೇಡಿ. ನಾನು ಹುಡುಕಿಯೇ ಕೆಟ್ಟೆ.

ನಮ್ಮದು ಬದಿಯಡ್ಕದ ಹತ್ತಿರ. ಅಡಿಕೆ ಅಂಗಳದಲ್ಲಿ ಅಮ್ಮ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಎಲ್ಲರ ಹಾಗೆ ನಾವೂ ತಲಪಾಡಿ ದಾಟಿ ಮಂಗಳೂರಿನ ಒಂದು ಆಸ್ಪತ್ರೆಗೆ ಹೋದೆವು. ಪಾಲಿಸಿ 3 ಲಕ್ಷದ್ದು. ರೂಮ್ ಬಾಡಿಗೆಯ ಮಿತಿ ಅದರ ಶೇಕಡಾ 1, ಅಂದರೆ ದಿನಕ್ಕೆ 3,000. ಆ ಬಾಡಿಗೆಯ ರೂಮ್ ಖಾಲಿಯೂ ಇತ್ತು. ಮಾವ ಕೇಳಲಿಲ್ಲ. "4,500ರದ್ದೇ ತಗೋ. ದಿನಕ್ಕೆ ಒಂದೂವರೆ ಸಾವಿರ ತಾನೇ ಜಾಸ್ತಿ, ನಾನು ಕೊಡ್ತೇನೆ" ಅಂದರು. ನನಗೂ ಲೆಕ್ಕ ಸರಿ ಅನ್ನಿಸಿತು. ಐದು ದಿನಕ್ಕೆ 7,500, ಅಷ್ಟೇ ಅಲ್ವಾ?

ಅಷ್ಟೇ ಅಲ್ಲ. ನಾನು ಮುಳುಗಿದ್ದು ಇಲ್ಲೇ, ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ಹೆಚ್ಚಿನ ಆಸ್ಪತ್ರೆಗಳಲ್ಲಿ ರೂಮ್ ದೊಡ್ಡದಾದರೆ ಸರ್ಜನ್ ಫೀಸು, ಅನಸ್ತೇಶಿಯಾ, ಥಿಯೇಟರ್ ಚಾರ್ಜ್, ಡಾಕ್ಟರ್ ವಿಸಿಟ್ ಎಲ್ಲದರ ರೇಟೂ ಏರುತ್ತದೆ. ಹಾಗಾಗಿ ನಿಮಗೆ ಸಿಗಬೇಕಾದ ಬಾಡಿಗೆಗೂ ನೀವು ತಗೊಂಡ ಬಾಡಿಗೆಗೂ ಇರುವ ಅನುಪಾತದಲ್ಲೇ ಕಂಪನಿ ಇವುಗಳನ್ನೂ ಕಡಿಯುತ್ತದೆ. ನನ್ನದು 4,500ಕ್ಕೆ 3,000, ಅಂದರೆ ಮೂರರಲ್ಲಿ ಎರಡು ಪಾಲು. ರೂಮ್ ಬಿಟ್ಟು ಇಂಥ ಚಾರ್ಜುಗಳೇ 84,000 ಇದ್ದವು. ಅದರ ಮೂರನೇ ಒಂದು ಪಾಲು, 28,000, ನನ್ನ ತಲೆ ಮೇಲೆ ಬಂತು. ಇದಕ್ಕೆ ಪ್ರೊಪೋರ್ಷನೇಟ್ ಡಿಡಕ್ಷನ್ ಅನ್ನುತ್ತಾರೆ.

ಡಿಸ್ಚಾರ್ಜ್ ದಿನ ರಾತ್ರಿ ಬಿಲ್ 1,91,500, ಅಪ್ರೂವಲ್ 1,34,700. ನಾನು ಪೆನ್ನು ಹಿಡಿದು ಹನ್ನೊಂದು ಪುಟದ ಬಿಲ್ಲಿನಲ್ಲಿ ಗ್ಲೌಸು, ಅಡ್ಮಿಷನ್ ಕಿಟ್, ಡೈಪರ್ ಅಂತ ಗೆರೆ ಎಳೆಯುತ್ತಾ ಕೂತೆ. ಎಲ್ಲ ಸೇರಿ 2,300. ಉಳಿದದ್ದು ಎಲ್ಲಿ ಹೋಯಿತು ಅಂತ ತಿಳಿಯಲಿಲ್ಲ. ಅಮ್ಮ ಗಾಲಿಕುರ್ಚಿಯಲ್ಲಿ ಕಾಯುತ್ತಿದ್ದರು, ಟ್ಯಾಕ್ಸಿಯವನು ಫೋನ್ ಮಾಡುತ್ತಿದ್ದ. 56,800 ಕಟ್ಟಿ ಸಹಿ ಹಾಕಿ ಬಂದೆ.

ಮನೆಗೆ ಬಂದ ಮೇಲೆ ಬಿಲ್ಲನ್ನು ಐಟಂ ಬಿಟ್ಟು ಗುಂಪುಗಳಾಗಿ ಕೂಡಿಸಿದೆ. ರೂಮ್ 22,500. ಡಾಕ್ಟರ್, ಥಿಯೇಟರ್ 84,000. ಇಂಪ್ಲಾಂಟ್ 45,000. ಔಷಧಿ, ಸಾಮಾನು 28,000. ಲ್ಯಾಬ್, ಎಕ್ಸ್‌ರೇ 12,000. ಅಪ್ರೂವಲ್ ಪತ್ರದ ಕೊನೆಯಲ್ಲಿ ಕಡಿತದ ಪಟ್ಟಿ ಇರುತ್ತದೆ. ಅದನ್ನು ಪಕ್ಕದಲ್ಲಿ ಇಟ್ಟು ನೋಡಿದರೆ, ಇಂಪ್ಲಾಂಟಿನಲ್ಲೂ 15,000, ಲ್ಯಾಬಿನಲ್ಲೂ 4,000 ಕಡಿದಿದ್ದರು! ಔಷಧಿ ಮತ್ತು ಸಾಮಾನು, ಇಂಪ್ಲಾಂಟ್, ಪರೀಕ್ಷೆ, ಇವಕ್ಕೆ ಈ ಅನುಪಾತ ಹಾಕುವ ಹಾಗಿಲ್ಲ. ಐಸಿಯು ಚಾರ್ಜಿಗೂ ಇಲ್ಲ. ಪಾಲಿಸಿಯಲ್ಲಿ 'ಅಸೋಸಿಯೇಟೆಡ್ ಮೆಡಿಕಲ್ ಎಕ್ಸ್‌ಪೆನ್ಸಸ್' ಅಂತ ಒಂದು ಪ್ಯಾರಾ ಹುಡುಕಿ, ಇದನ್ನೇ ಬರೆದಿರುತ್ತಾರೆ. ಆ ಪ್ಯಾರಾ ತೋರಿಸಿ ಕಂಪನಿಯ ದೂರು ವಿಭಾಗಕ್ಕೆ ಬರೆದೆ. ಎರಡು ತಿಂಗಳಾದ ಮೇಲೆ 19,000 ವಾಪಸ್ ಬಂತು. ಬರದಿದ್ದರೆ ಕಂಪನಿಯ ಮೇಲಿನ ದೂರು ಕೇಳುವ ಇನ್ಶೂರೆನ್ಸ್ ಓಂಬುಡ್ಸ್‌ಮನ್ ಇದ್ದಾರೆ. ಆಸ್ಪತ್ರೆ ಮಂಗಳೂರಿನದಾದರೂ ನಾವು ಕಾಸರಗೋಡಿನವರು ಕೊಚ್ಚಿಗೆ ಬರೆಯಬಹುದು. ದೂರು ಕೊಟ್ಟು ಒಂದು ತಿಂಗಳಾದರೂ ಕಂಪನಿ ಉತ್ತರ ಕೊಡದಿದ್ದರೆ, ಅಥವಾ ಕೊಟ್ಟ ಉತ್ತರ ಒಪ್ಪಿಗೆಯಾಗದಿದ್ದರೆ.

ಹಾಗಾಗಿ ನೀವು ಮೊದಲು ನೋಡಬೇಕಾದ್ದು ರೂಮಿನ ಸಾಲು. ಬಾಡಿಗೆ ನಿಮ್ಮ ಮಿತಿಗಿಂತ ಜಾಸ್ತಿ ಇದ್ದರೆ ನಿಮ್ಮ 38,000ದ ಹೆಚ್ಚಿನ ಪಾಲು ಅಲ್ಲೇ ಇರುತ್ತದೆ ಅಂತ ನನ್ನ ಅಂದಾಜು. ಆಮೇಲೆ ಆಸ್ಪತ್ರೆಯಲ್ಲಿ ಇನ್ಶೂರೆನ್ಸ್ ಕೆಲಸ ನೋಡುವ ಟಿಪಿಎ ಡೆಸ್ಕಿನಲ್ಲಿ ಒಂದೇ ಪ್ರಶ್ನೆ ಕೇಳಿ: ರೂಮ್ ಬದಲಾದರೆ ಸರ್ಜನ್ ಫೀಸು ಬದಲಾಗುತ್ತದಾ? ಎಲ್ಲ ರೂಮಿಗೂ ಒಂದೇ ರೇಟು ಅಂದರೆ, ಅನುಪಾತದ ಕಡಿತವನ್ನೇ ಹಾಕುವ ಹಾಗಿಲ್ಲ. ಅದನ್ನು ಬರವಣಿಗೆಯಲ್ಲಿ ತಗೊಳ್ಳಿ. ರೂಮಿನ ಸಾಲು ಮಿತಿಯೊಳಗೇ ಇದ್ದರೆ ಮಾತ್ರ ಬಿಲ್ಲಿನ ಒಂದು ಪಾಲು ನೀವೇ ಕಟ್ಟಬೇಕು ಅನ್ನುವ ಕೋ-ಪೇ ಇದೆಯಾ, ಆ ಆಪರೇಷನ್‌ಗೆ ಪಾಲಿಸಿಯಲ್ಲೇ ಮಿತಿ ಇದೆಯಾ ನೋಡಿ. ಗ್ಲೌಸು ಕೊನೆಗೆ.

ಮಾವ ಮಾತಿಗೆ ತಪ್ಪಲಿಲ್ಲ, 7,500 ಕೊಟ್ಟರು. 28,000ದ ವಿಷಯ ಅವರಿಗೆ ನಾನಿನ್ನೂ ಹೇಳಿಲ್ಲ.