ಬಾಗಿದ ಮೇಲೆ ಎದ್ದೇಳುವ ಗಳಿಗೆ

"ವಿರಾಜಪೇಟೆ ಹತ್ತಿರ ನಮ್ಮದೊಂದು ಹೋಂಸ್ಟೇ ಇದೆ. ಮುಂದಿನ ತಿಂಗಳು ಜಪಾನಿನ ಒಂದು ಕಂಪನಿಯಿಂದ ಆರು ಜನ ಬರ್ತಿದ್ದಾರೆ. ಎಷ್ಟು ಡಿಗ್ರಿ ಬಾಗಬೇಕು? ಜಾಸ್ತಿ ಬಾಗಿದಷ್ಟೂ ಜಾಸ್ತಿ ಮರ್ಯಾದೆ ಅಂತ 90 ಡಿಗ್ರಿ ಪ್ರಾಕ್ಟೀಸ್ ಮಾಡ್ತಿದ್ದೀನಿ, ಸರಿನಾ? ಅಪ್ಪನಿಗೆ 68 ವರ್ಷ, ಅವರೂ ಬಾಗಬೇಕಾ?"

90 ಡಿಗ್ರಿಯನ್ನು ಇವತ್ತೇ ಬಿಟ್ಟುಬಿಡಿ. ನಾನು ಬಾಗಿದ್ದೂ ಅಷ್ಟೇ, ಕಳೆದುಕೊಂಡಿದ್ದೂ ಅದರಿಂದಲೇ.

ಸುಂಟಿಕೊಪ್ಪದ ಕಡೆ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದೆ. ಗೋದಾಮಿನ ಬೀಗದ ಕೈ ನನ್ನ ಹತ್ತಿರವೇ ಇರುತ್ತಿತ್ತು. ಆ ವರ್ಷ ಮಳೆಗಾಲದಲ್ಲಿ ಜಾಗ ಸಾಲದೆ ಒಂದಷ್ಟು ಚೀಲಗಳನ್ನು ಗೋಡೆಗೆ ತಾಗಿಸಿ ಒಟ್ಟಿದ್ದೆ. ನಮ್ಮ ಕಡೆಯ ಜುಲೈ ತಿಂಗಳು ನಿಮಗೆ ಗೊತ್ತಲ್ಲ, ಗೋಡೆಯೇ ಬೆವರುತ್ತದೆ. ಒಣಗಿಸಿಟ್ಟ ಪಾರ್ಚ್‌ಮೆಂಟ್ ಕಾಫಿ ಮತ್ತೆ ತೇವ ಎಳೆದುಕೊಂಡಿತು. ಜಪಾನಿಗೆ ಹೋದ ಲಾಟಿನಲ್ಲಿ ಕೆಲವು ಚೀಲ ಮುಗ್ಗಲು ವಾಸನೆ ಬಂತು ಅಂತ ದೂರು ಬಂತು. ಜನವರಿಯಲ್ಲಿ, ಕೊಯ್ಲು ನಡೆಯುತ್ತಿದ್ದಾಗ, ಕೊಳ್ಳುವವರೇ ಎಸ್ಟೇಟಿಗೆ ಬಂದರು. ಮೂವರು: ಅರವತ್ತು ದಾಟಿದ ಹಿರಿಯರು, ನಲವತ್ತರ ಆಸುಪಾಸಿನ ಒಬ್ಬ ಅಧಿಕಾರಿ, ಜೊತೆಗೆ ಇಂಗ್ಲಿಷ್ ಬಲ್ಲ ಒಬ್ಬ ಹುಡುಗಿ, ದುಭಾಷಿ.

ತಪ್ಪು ನನ್ನದು, ಕ್ಷಮೆ ಕೇಳಬೇಕಾದವನೂ ನಾನೇ. ಕಣದ ಪಕ್ಕ ಹಿರಿಯರ ಎದುರು ನಿಂತು, ಸೊಂಟ ಮುರಿದವನಂತೆ ನೆಲದವರೆಗೆ ಬಾಗಿದೆ. ಬಾಗುತ್ತಲೇ "ಸಾರಿ ಸರ್, ಸಾರಿ" ಅಂದೆ. ಸಟ್ಟನೆ ಎದ್ದೆ. ಅವರ ಮುಖದಲ್ಲಿ ಏನೂ ಬದಲಾಗಿರಲಿಲ್ಲ. ಸಾಲಲಿಲ್ಲವೇನೋ ಅಂತ ಮತ್ತೆ ಬಾಗಿದೆ. ಈ ಸಲ ಕತ್ತು ಮೇಲಿಟ್ಟು ಅವರನ್ನು ನೋಡುತ್ತಲೇ ಬಾಗಿದೆ. ಮೂರನೆಯ ಸಲಕ್ಕೆ ಹಿರಿಯರು ತಲೆಯನ್ನು ಒಂದಿಷ್ಟು ತಗ್ಗಿಸಿ, ಕಣದ ಕಡೆ ತಿರುಗಿ, ಕಾಫಿ ಎಷ್ಟು ದಿನ ಒಣಗಿಸುತ್ತೀರಿ ಅಂತ ಕೇಳಿದರು. ಕ್ಷಮಿಸಿದರು ಅಂದುಕೊಂಡು ಆ ರಾತ್ರಿ ನಿಶ್ಚಿಂತೆಯಾಗಿ ಮಲಗಿದೆ. ಮುಂದಿನ ಬೆಳೆಗೆ ಅವರಿಂದ ಆರ್ಡರ್ ಬರಲಿಲ್ಲ. ಸಾಹುಕಾರರು ನನಗೆ ಒಂದು ಮಾತೂ ಆಡಲಿಲ್ಲ, ಅದು ಇನ್ನೂ ಕಷ್ಟವಾಯಿತು.

ಕಾರಣ ಗೊತ್ತಾಗಿದ್ದು ಒಂದು ವರ್ಷದ ಮೇಲೆ. ಆ ದುಭಾಷಿ ಹುಡುಗಿ ಬೇರೆ ಕೆಲಸದ ಮೇಲೆ ಮಡಿಕೇರಿಗೆ ಬಂದವಳು ಎಸ್ಟೇಟಿಗೂ ಬಂದಿದ್ದಳು. ಸಂಕೋಚ ಬಿಟ್ಟು ಕೇಳಿದೆ. ಮುಗ್ಗಲು ವಾಸನೆ ಅವರಿಗೆ ಅರ್ಥವಾಗಿತ್ತಂತೆ, ಮಳೆಯ ನಾಡು ಅಂತ. ಆದರೆ ಕಾರು ಹತ್ತಿದ ಮೇಲೆ ಹಿರಿಯರು ಹೇಳಿದ್ದು ಇದು: ಆತ ಇದನ್ನು ಬೇಗ ಮುಗಿಸಿಬಿಡಬೇಕು ಅಂತಿದ್ದ, ಮತ್ತೆ ಹಾಗೆಯೇ ಮಾಡುತ್ತಾನೆ.

ಆ ಮಾತು ನನಗೆ ಬಹಳ ದಿನ ಅರಗಲಿಲ್ಲ. ನಾನು ಮನಸಾರೆ ಬಾಗಿದ್ದೆ. ತಪ್ಪಿದ್ದು ಎಲ್ಲಿ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ, ಆದರೆ ನಿಮಗೆ ಬೇಕಾದ್ದು ಇದೊಂದೇ.

ನಮ್ಮ ಊರಿನ ಲೆಕ್ಕ ನೋಡಿ. ಕೊಡವರ ಮನೆಯಲ್ಲಿ ಹಿರಿಯರ ಕಾಲನ್ನು ಎರಡೂ ಕೈಯಿಂದ ಮೂರು ಸಲ ಮುಟ್ಟಿ, ಪ್ರತಿ ಸಲವೂ ಕೈಯನ್ನು ಹಣೆಗೆ ತಂದುಕೊಳ್ಳುತ್ತಾರೆ. ನಾನು ಸೋಮವಾರಪೇಟೆಯವನು, ನಮ್ಮ ಮನೆಯಲ್ಲಿ ಒಂದೇ ಸಲ, ಆದರೆ ಇಲ್ಲಿದ್ದು ಇಲ್ಲಿದ್ದು ನನಗೂ ಮೂರರ ಅಭ್ಯಾಸವಾಗಿದೆ. ಬೈಲುಕುಪ್ಪೆಗೆ ಹೋದರೆ ಟಿಬೆಟಿನವರು ದೇವರ ಮುಂದೆ ಮೂರು ಸಲ ಸಾಷ್ಟಾಂಗ ಮಾಡುವುದನ್ನು ನೋಡುತ್ತೇವೆ. ಇಲ್ಲೆಲ್ಲ ಮತ್ತೆ ಮತ್ತೆ ಮಾಡಿದಷ್ಟೂ ಭಕ್ತಿ ಕೂಡುತ್ತದೆ. ಇನ್ನೊಂದು ವಿಷಯ, ಕಾಲು ಮುಟ್ಟಿದವನು ಯಾವಾಗ ಏಳಬೇಕು ಅಂತ ಯೋಚಿಸುವುದೇ ಇಲ್ಲ. ಹಿರಿಯರ ಕೈ ಮೈ ಮೇಲೆ ಬೀಳುತ್ತದೆ, ಹರಸುತ್ತಾರೆ, ಎಬ್ಬಿಸುತ್ತಾರೆ. ಏಳುವ ಗಳಿಗೆ ಅವರದು.

ಜಪಾನಿನ ಬಾಗುವಿಕೆಯಲ್ಲಿ ಈ ಎರಡೂ ತಿರುವುಮುರುವು. ಯಾರೂ ಮುಟ್ಟುವುದಿಲ್ಲ, ಯಾರೂ ಎಬ್ಬಿಸುವುದಿಲ್ಲ. ತಗ್ಗಿದ ಜಾಗದಲ್ಲಿ ನಿಮ್ಮಷ್ಟಕ್ಕೆ ನೀವೇ ನಿಲ್ಲಬೇಕು. ಎಷ್ಟು ಹೊತ್ತು ನಿಂತಿರಿ ಎನ್ನುವುದರಲ್ಲೇ ಅವರು ನಿಮ್ಮ ಮನಸ್ಸನ್ನು ಓದುತ್ತಾರೆ. ಪಟಪಟ ಅಂತ ನಾಲ್ಕು ಸಲ ಬಾಗುವುದಕ್ಕೆ ಅವರಲ್ಲಿ ಒಂದು ಪದವೇ ಇದೆ, ಪೆಕೊಪೆಕೊ. ದೊಡ್ಡವರ ಮುಂದೆ ಹಲ್ಲು ಗಿಂಜುವವನಿಗೆ ಹೇಳುವ ಮಾತು ಅದು. ನಾನು ಭಕ್ತಿ ಅಂತ ಕೂಡಿಸಿದ್ದನ್ನೆಲ್ಲ ಅವರು ಕಳೆಯುತ್ತಾ ಹೋದರು. ಕತ್ತೆತ್ತಿ ಮುಖ ನೋಡಿದ್ದಂತೂ ಎಲ್ಲಕ್ಕಿಂತ ಕೆಟ್ಟದ್ದು. ಕ್ಷಮೆ ಸಿಕ್ಕಿತೋ ಇಲ್ಲವೋ ಅಂತ ಬಾಗಿದ್ದಾಗಲೇ ಇಣುಕುವವನು ತನ್ನ ಚಿಂತೆಯಲ್ಲಿದ್ದಾನೆ, ಎದುರಿನವರ ನಷ್ಟದ ಚಿಂತೆಯಲ್ಲಿಲ್ಲ. ಈಗ ಯೋಚಿಸಿದರೆ ಹಿರಿಯರು ಓದಿದ್ದು ತಪ್ಪಲ್ಲ. ನನಗೆ ಅದು ಬೇಗ ಮುಗಿಯಬೇಕಿತ್ತು.

ಆ ಹುಡುಗಿ ಕಣದಲ್ಲೇ ನಿಲ್ಲಿಸಿ ಕಲಿಸಿದಳು. ಅವರ ಕಚೇರಿ, ಅಂಗಡಿಗಳಲ್ಲಿ ಹೊಸಬರಿಗೆ ಮೂರು ಅಳತೆ ಹೇಳಿಕೊಡುತ್ತಾರೆ. 15 ಡಿಗ್ರಿಯದು ಎಶಾಕು, ಓಣಿಯಲ್ಲಿ ಎದುರಾದಾಗ, ಸರಿಸಮಾನರಿಗೆ. 30 ಡಿಗ್ರಿಯದು ಕೇರೇ, ಅತಿಥಿಗೆ, ಗಿರಾಕಿಗೆ, ಮೇಲಧಿಕಾರಿಗೆ. 45 ಡಿಗ್ರಿಯದು ಸೈಕೇರೇ, ದೊಡ್ಡ ಉಪಕಾರ ನೆನೆಯುವುದಕ್ಕೆ ಅಥವಾ ಕ್ಷಮೆ ಕೇಳುವುದಕ್ಕೆ. ಡಿಗ್ರಿಯನ್ನು ಯಾರೂ ಅಳೆಯುತ್ತಾ ಕೂರುವುದಿಲ್ಲ, ಕಣ್ಣು ನೆಲದ ಮೇಲೆ ಎಲ್ಲಿ ಬೀಳುತ್ತದೆ ಅನ್ನುವುದೇ ಗುರುತು. ಅವಳು ನನ್ನ ಮುಂದೆ ಕಾಫಿ ಹಣ್ಣುಗಳನ್ನು ಇಟ್ಟಳು: ಮೂರು ಮೀಟರ್ ದೂರದಲ್ಲಿ ಒಂದು, ಒಂದೂವರೆ ಮೀಟರಿನಲ್ಲಿ ಇನ್ನೊಂದು, ಒಂದು ಮೀಟರಿಗಿಂತ ಒಳಗೆ ಮತ್ತೊಂದು. ಬೆನ್ನು, ಕತ್ತು, ತಲೆ ಒಂದೇ ಗೆರೆಯಲ್ಲಿರಬೇಕು, ಬಾಗುವುದು ಸೊಂಟದ ಕೀಲಿನಿಂದ ಮಾತ್ರ. ಗಂಡಸರ ಕೈ ತೊಡೆಯ ಪಕ್ಕ, ಹೆಂಗಸರದು ಮುಂದೆ ಒಂದರ ಮೇಲೊಂದು. ಕತ್ತು ಕೆಳಗೆ ಜೋತುಬಿದ್ದರೆ ಹಣ್ಣು ಕಾಣದು, ಕಾಲ್ಬೆರಳು ಕಾಣುತ್ತದೆ. ಕತ್ತೆತ್ತಿದರೆ ಎದುರಿನವರ ಮೊಣಕಾಲು ಕಾಣುತ್ತದೆ. ತಪ್ಪು ಹೀಗೆ ನಮಗೇ ಗೊತ್ತಾಗುತ್ತದೆ.

ಮಾತು ಮೊದಲು, ಬಾಗುವುದು ಆಮೇಲೆ. ನೇರ ನಿಂತು, ಮುಖ ನೋಡಿ, ಹೇಳಬೇಕಾದ್ದನ್ನು ಪೂರ್ತಿ ಹೇಳಿ ಬಾಯಿ ಮುಚ್ಚಿಕೊಂಡು ಬಾಗಬೇಕು. ನೆಲಕ್ಕೆ ಹೇಳಿದ ಕ್ಷಮೆ ನೆಲಕ್ಕೇ ಹೋಗುತ್ತದೆ ಅಂದಳು. ಹೊತ್ತಿನ ಲೆಕ್ಕ ಉಸಿರಿನಲ್ಲಿದೆ. ಸಮುರಾಯಿಗಳ ಕಾಲದ ಒಗಸವಾರಾ ಪಂಥದ ಶಿಷ್ಟಾಚಾರದಲ್ಲಿ ಹೀಗೆ ಕಲಿಸುತ್ತಾರೆ: ಉಸಿರು ಎಳೆದುಕೊಳ್ಳುತ್ತಾ ಬಾಗು, ತಗ್ಗಿ ನಿಂತಲ್ಲಿ ಉಸಿರು ಬಿಡು, ಮತ್ತೆ ಎಳೆದುಕೊಳ್ಳುತ್ತಾ ಏಳು. ಮಾಡಿ ನೋಡಿ. ಅವಸರದಲ್ಲಿದ್ದವನಿಗೆ ನಡುವಿನ ಆ ಉಸಿರು ಬಿಡುವುದಕ್ಕೇ ಆಗುವುದಿಲ್ಲ. ನಾನು ಹತ್ತು ಸಲ ಮಾಡಿದೆ, ಏಳು ಸಲ ಉಸಿರು ಬಿಡುವ ಮೊದಲೇ ಎದ್ದಿದ್ದೆ. ಕ್ಷಮೆಯಾದರೆ ಆ ನಿಲುಗಡೆ ಇನ್ನೂ ಉದ್ದ. ಜಪಾನಿನ ಕಂಪನಿಗಳ ಮುಖ್ಯಸ್ಥರು ಪತ್ರಿಕಾಗೋಷ್ಠಿಯಲ್ಲಿ ಸಾಲಾಗಿ ತಲೆ ತಗ್ಗಿಸಿ ನಿಲ್ಲುವ ದೃಶ್ಯ ನೀವೂ ಸುದ್ದಿಯಲ್ಲಿ ನೋಡಿರುತ್ತೀರಿ, ಕ್ಯಾಮೆರಾ ಸದ್ದು ಮಾಡುತ್ತಲೇ ಇರುತ್ತದೆ, ಅವರು ಏಳುವುದಿಲ್ಲ.

ಯಾರು ಮೇಲು ಅನ್ನುವುದೂ ಅಲ್ಲೇ ಕಾಣುತ್ತದೆ. ಕೆಳಗಿನವನು ಮೊದಲು ಬಾಗುತ್ತಾನೆ, ಹೆಚ್ಚು ಬಾಗುತ್ತಾನೆ, ಕಡೆಗೆ ಏಳುತ್ತಾನೆ. ಮೂವರು ಬಂದ ದಿನ ಇದು ಗೊತ್ತಿದ್ದರೆ ಯಾರು ಯಾರೆಂದು ಕೇಳಬೇಕಾಗಿಯೇ ಇರಲಿಲ್ಲ. ಹಿರಿಯರ ತಲೆ ಸ್ವಲ್ಪವೇ ತಗ್ಗಿತ್ತು, ಅಧಿಕಾರಿ 30 ಡಿಗ್ರಿಗೆ ಬಾಗಿದ್ದರು, ಹುಡುಗಿ ಅವರಿಗಿಂತ ಕೆಳಗೆ ಹೋಗಿ ಅವರಿಬ್ಬರೂ ಎದ್ದ ಮೇಲೆ ಎದ್ದಿದ್ದಳು. ನಾನು ಕಾರಿನಿಂದ ಮೊದಲು ಇಳಿದವಳು ಅವಳು ಅಂತ ಅವಳಿಗೇ ಎಲ್ಲರಿಗಿಂತ ಹೆಚ್ಚು ಬಾಗಿದ್ದೆ. ಪಾಪ, ಅವಳಿಗೆ ಎಲ್ಲಿ ನಿಲ್ಲಬೇಕೋ ತಿಳಿಯಲಿಲ್ಲ.

ಅಂದರೆ ಅತಿಯಾಗಿ ಬಾಗುವುದರಿಂದ ಮರ್ಯಾದೆ ಹೆಚ್ಚಾಗುವುದಿಲ್ಲ, ಎದುರಿನವರ ಮೇಲೆ ಸಾಲ ಹೊರಿಸಿದಂತಾಗುತ್ತದೆ. ನೀವು ಇಳಿದಷ್ಟು ಅವರೂ ಏನಾದರೂ ಇಳಿಯಬೇಕಲ್ಲ. ಪ್ರತಿ ನಾಡಿಗೂ ಅದರದೇ ಲೆಕ್ಕ. ಥಾಯ್ಲೆಂಡಿನಲ್ಲಿ ಮುಗಿದ ಕೈ ಎಷ್ಟು ಎತ್ತರದಲ್ಲಿದೆ ಅನ್ನುವುದು ಮುಖ್ಯ, ಸಮಾನರಿಗೆ ಎದೆಯ ಹತ್ತಿರ, ಭಿಕ್ಷುಗಳಿಗೆ ಹುಬ್ಬಿನವರೆಗೆ. ಕೊರಿಯಾದಲ್ಲಿ ಹೊಸವರ್ಷಕ್ಕೆ ಹಿರಿಯರಿಗೆ ನೆಲಕ್ಕೆ ಬಾಗಿ ನಮಸ್ಕರಿಸುವುದು ಒಂದೇ ಸಲ. ಎರಡು ಸಲ ಮಾಡುವುದು ತೀರಿಕೊಂಡವರಿಗೆ. ಗೌರವ ಹೆಚ್ಚಿಸೋಣ ಅಂತ ಬದುಕಿರುವ ಅಜ್ಜನಿಗೆ ಇನ್ನೊಂದು ಸೇರಿಸಿದರೆ ಏನಾಗುತ್ತದೆ ಯೋಚಿಸಿ. 2009ರ ನವೆಂಬರಿನಲ್ಲಿ ಒಬಾಮಾ ಟೋಕಿಯೋದಲ್ಲಿ ಚಕ್ರವರ್ತಿ ಅಕಿಹಿಟೊ ಅವರ ಕೈ ಕುಲುಕುತ್ತಲೇ ಸೊಂಟದವರೆಗೆ ಬಾಗಿದರು. ಅಮೆರಿಕದಲ್ಲಿ ಅದೇ ದೊಡ್ಡ ಚರ್ಚೆಯಾಯಿತು. ಕೈ ಕುಲುಕುವುದು, ಬಾಗುವುದು ಎರಡೂ ಬೆರೆತರೆ ಎರಡೂ ಕೆಡುತ್ತವೆ. ಕೈ ಮುಗಿಯುವುದಾದರೆ ಮುಗಿಯಿರಿ, ಬಾಗುವುದಾದರೆ ಬಾಗಿ.

ನಿಮ್ಮ ವಿಷಯಕ್ಕೆ ಬರುತ್ತೇನೆ. ನೀವು ಯಾವ ತಪ್ಪೂ ಮಾಡಿಲ್ಲ, 45 ಕೂಡ ಬೇಡ. 30 ಡಿಗ್ರಿ, ಒಂದೇ ಸಲ, ಒಂದು ಉಸಿರು ಬಿಡುವಷ್ಟು ಹೊತ್ತು ನಿಲ್ಲಿ. ಆರು ಜನರಲ್ಲಿ ದೊಡ್ಡವರು ಯಾರು ಅಂತ ಮೊದಲೇ ಬುಕಿಂಗ್ ಮಾಡಿದವರನ್ನು ಕೇಳಿಕೊಳ್ಳಿ, ಅವರಿಗೆ ಮೊದಲು. ಅವರು ಇನ್ನೂ ಬಾಗಿದ್ದರೆ ನೀವು ಏಳಬೇಡಿ.

ಅಪ್ಪ ಬಾಗಬಾರದು. ಜಪಾನಿನವರಲ್ಲಿ ಕೊಳ್ಳುವವನು ಮಾರುವವನಿಗಿಂತ ಮೇಲು, ವಯಸ್ಸು ಎಷ್ಟಾದರೂ ಸರಿ. ಆದರೆ ಆ ಲೆಕ್ಕವನ್ನು ನಿಮ್ಮ ಅಪ್ಪನ ಸೊಂಟದ ಮೇಲೆ ಹೇರಬೇಡಿ. ಮೂವತ್ತರ ಹುಡುಗನ ಮುಂದೆ 68 ವರ್ಷದ ಮನೆಯ ಹಿರಿಯರು ಬಗ್ಗಿದರೆ ನಮ್ಮ ಕಣ್ಣಿಗೆ ಸಹಿಸದು, ಆ ಹುಡುಗನಿಗೂ ಮುಜುಗರ. ಅವರು ಜಗಲಿಯಲ್ಲಿ ನೇರ ನಿಂತು ಕೈ ಮುಗಿಯಲಿ. ಆದರೆ ಮುಗಿದ ಕೈಯನ್ನು ತಕ್ಷಣ ಬಿಡಬಾರದು. ಇದೊಂದನ್ನು ಅವರಿಗೆ ಹೇಳಿ.

ಇನ್ನೊಂದು, ಇದಕ್ಕೆ ಎಲ್ಲಕ್ಕಿಂತ ಹೆಚ್ಚು ಬೆಲೆ. ಅತಿಥಿಗಳು ಹೊರಟಾಗ ಕಾರಿನ ಬಾಗಿಲು ಹಾಕಿದ ಕೂಡಲೇ ಒಳಗೆ ಹೋಗಬೇಡಿ. ಜಪಾನಿನ ಹಳೆಯ ವಸತಿಗೃಹಗಳಲ್ಲಿ ಕಾರು ಕಣ್ಮರೆಯಾಗುವವರೆಗೆ ಮನೆಯವರು ಬಾಗಿಲಲ್ಲೇ ನಿಂತಿರುತ್ತಾರೆ, ಕಾರು ತಿರುಗುವಾಗ ಇನ್ನೊಮ್ಮೆ ತಲೆಬಾಗುತ್ತಾರೆ. ಒಳಗಿರುವವರು ಹಿಂದಿನ ಗಾಜಿನಲ್ಲಿ ನೋಡುತ್ತಾರೆ. ನಮ್ಮ ತೋಟದ ರಸ್ತೆಗಳಲ್ಲಿ ಮೊದಲ ತಿರುವು ಕೆಲವೊಮ್ಮೆ ಬಹಳ ದೂರವಿರುತ್ತದೆ. ನಿಮ್ಮ ಗೇಟಿನಿಂದ ಎಷ್ಟು ದೂರ ಅಂತ ಈಗಲೇ ನೋಡಿಟ್ಟುಕೊಳ್ಳಿ.